ಪ್ರಾಕ್ಕಲ್ಪನೆ ಮೊದಲೋ, ಮಾಹಿತಿ ಮೊದಲೋ?

ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಲ್ಲಿ ಸಂಶೋಧನಾ ವಿಧಾನದ ಅಧ್ಯಾಯ ತೆರೆದರೆ ಒಂದು ವಾಕ್ಯ ಆಗಾಗ ಎದುರಾಗುತ್ತದೆ: ‘ಪ್ರಸ್ತುತ ಅಧ್ಯಯನದಲ್ಲಿ ನಿಗಮನ ಹಾಗೂ ಅನುಗಮನ ವಿಧಾನಗಳೆರಡನ್ನೂ ಬಳಸಿಕೊಳ್ಳಲಾಗಿದೆ.’ ಮಾತು ಅಲ್ಲಿಗೇ ಮುಗಿಯುತ್ತದೆ. ಎಲ್ಲಿ ಯಾವುದನ್ನು ಬಳಸಿದರು, ಏಕೆ ಬಳಸಿದರು ಎಂಬ ಸುದ್ದಿ ಮುಂದಿನ ಇನ್ನೂರು ಪುಟಗಳಲ್ಲಿ ಬರುವುದಿಲ್ಲ. ವೈವಾದಲ್ಲಿ ಯಾರಾದರೂ ಕೇಳಿದರೆ ‘ಸಾಮಾನ್ಯದಿಂದ ವಿಶೇಷಕ್ಕೆ ಹೋಗುವುದು ನಿಗಮನ, ವಿಶೇಷದಿಂದ ಸಾಮಾನ್ಯಕ್ಕೆ ಬರುವುದು ಅನುಗಮನ’ ಎಂಬ ಉತ್ತರ ಸಿದ್ಧವಿರುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಅದನ್ನಷ್ಟೇ ಹಿಡಿದುಕೊಂಡು ಪ್ರಬಂಧ ಬರೆಯಲಾಗದು.

ಎರಡರ ನಡುವಿನ ನಿಜವಾದ ವ್ಯತ್ಯಾಸ ಇರುವುದು ಖಾತರಿಯಲ್ಲಿ. ನಿಗಮನದಲ್ಲಿ ಒಪ್ಪಿಕೊಂಡ ಮಾತುಗಳು ನಿಜವಾದರೆ ತೀರ್ಮಾನವೂ ನಿಜವಾಗಲೇಬೇಕು. ಅದರಲ್ಲಿ ಹೆಚ್ಚುಕಡಿಮೆಯ ಪ್ರಶ್ನೆಯಿಲ್ಲ. ಆದರೆ ತೀರ್ಮಾನದಲ್ಲಿ ಇರುವುದೆಲ್ಲ ಮೊದಲು ಒಪ್ಪಿಕೊಂಡ ಮಾತುಗಳಲ್ಲೇ ಅಡಗಿರುತ್ತದೆ. ಅನುಗಮನ ಹಾಗಲ್ಲ. ಕಂಡ ನೂರು ಸಂಗತಿಗಳಿಂದ ಕಾಣದ ಸಾವಿರದ ಬಗ್ಗೆ ಅದು ಮಾತಾಡುತ್ತದೆ, ಹೊಸದನ್ನು ಹೇಳುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಖಾತರಿ ಇಲ್ಲದಿರುವುದು. ಎಲ್ಲ ನೂರು ಸಂಗತಿಗಳೂ ನಿಜವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗಬಹುದು.

ಈ ತಕರಾರು ನಮಗೆ ಹೊಸತಲ್ಲ. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವ ನೈಯಾಯಿಕರಿಗೆ ಚಾರ್ವಾಕರು ಕೇಳಿದ್ದು ಇದನ್ನೇ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿ ನಿಮಗೆ ಗೊತ್ತಾದದ್ದು ಹೇಗೆ? ಇದ್ದ, ಇರುವ, ಬರಲಿರುವ ಎಲ್ಲ ಹೊಗೆಯನ್ನೂ ನೋಡಿ ಬಂದವರುಂಟೇ? 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲೇ ಈ ವಾದವಿದೆ. ಯುರೋಪಿನಲ್ಲಿ ಡೇವಿಡ್ ಹ್ಯೂಮ್ ಇಂಥದೇ ಪ್ರಶ್ನೆ ಎತ್ತಿದ್ದು 18ನೇ ಶತಮಾನದಲ್ಲಿ. ಪೂರ್ತಿ ಸಮಾಧಾನದ ಉತ್ತರ ಇನ್ನೂ ಯಾರಿಂದಲೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಸಂಶೋಧನೆ ಮಾಡುವವರು ಈ ಅನಿಶ್ಚಿತತೆಯನ್ನು ಇಟ್ಟುಕೊಂಡೇ ಬದುಕಬೇಕು, ಅದನ್ನು ಪ್ರಬಂಧದಲ್ಲಿ ಮುಚ್ಚಿಡಬಾರದು, ಅಷ್ಟೆ.

ಎರಡೂ ಬಗೆಯ ತರ್ಕ ಒಂದೇ ಸಂಶೋಧನೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ತತ್ತ್ವಜ್ಞಾನಿ ಕಾರ್ಲ್ ಹೆಂಪೆಲ್ ತಮ್ಮ ವಿಜ್ಞಾನ ತತ್ತ್ವಶಾಸ್ತ್ರದ ಪಠ್ಯದಲ್ಲಿ ಒಂದು ಪ್ರಕರಣವನ್ನು ಆರಿಸಿಕೊಂಡರು. ಅದು ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯದು. ಅಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ತರಬೇತಿ ಪಡೆಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರ ಎರಡೂ ಕಡೆ ಇತ್ತು. ಆದರೆ 1846ರಲ್ಲಿ ಮೊದಲ ವಿಭಾಗದಲ್ಲಿ ಹೆರಿಗೆಯಾದ ತಾಯಂದಿರಲ್ಲಿ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು ಮಂದಿ ತೀರಿಕೊಂಡರೆ, ಎರಡನೆಯದರಲ್ಲಿ ನೂರಕ್ಕೆ ಮೂವರೂ ಇಲ್ಲ. ಯಾವ ದಿನ ಬಂದವರನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂಬುದು ದಿನದ ಸರದಿಯ ಮೇಲೆ ತೀರ್ಮಾನವಾಗುತ್ತಿತ್ತು. ಮೊದಲ ವಿಭಾಗದ ಸರದಿಯ ದಿನ ಬಂದವರು ತಮ್ಮನ್ನು ಅಲ್ಲಿಗೆ ಹಾಕಬೇಡಿ ಎಂದು ಅಂಗಲಾಚುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಹಂಗೇರಿಯ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಕಾರಣ ಹುಡುಕಲು ಹೊರಟರು. ಆಗ ಪ್ರಚಲಿತವಾಗಿದ್ದ ವಿವರಣೆಗಳನ್ನು ಅವರು ಒಂದೊಂದಾಗಿ ಕೈಗೆತ್ತಿಕೊಂಡ ಬಗೆಯೇ ನಿಗಮನದ ಪಾಠ.

ಊರಿನ ಕೆಟ್ಟ ಗಾಳಿಯೇ ಕಾರಣ ಎನ್ನುತ್ತಿದ್ದರು. ಹಾಗಿದ್ದರೆ ಅಕ್ಕಪಕ್ಕದಲ್ಲೇ ಇರುವ ಎರಡು ವಿಭಾಗಗಳಿಗೂ ಅದು ಸಮನಾಗಿ ತಟ್ಟಬೇಕಿತ್ತು, ತಟ್ಟಲಿಲ್ಲ. ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತವರಿಗೆ ಕಾಯಿಲೆ ಹೆಚ್ಚಬೇಕಿತ್ತು, ಅವರಿಗೆ ಕಡಿಮೆಯಿತ್ತು. ಜನಸಂದಣಿ ಕಾರಣವೆಂದರೆ ಹೆಚ್ಚು ಕಿಕ್ಕಿರಿದ ಕಡೆ ಹೆಚ್ಚು ಸಾವಾಗಬೇಕು. ಮೊದಲ ವಿಭಾಗಕ್ಕೆ ಹೆದರಿ ಹೆಂಗಸರು ಎರಡನೆಯದಕ್ಕೇ ಮುಗಿಬೀಳುತ್ತಿದ್ದುದರಿಂದ ಸಂದಣಿ ಅಲ್ಲೇ ಜಾಸ್ತಿ, ಸಾವು ಮಾತ್ರ ಕಡಿಮೆ. ಇನ್ನೊಂದು ವಿವರಣೆ ಇವತ್ತಿಗೆ ನಗು ಬರಿಸುವಂಥದ್ದು. ಸಾಯುತ್ತಿರುವವರಿಗೆ ಅಂತಿಮ ಸಂಸ್ಕಾರ ಕೊಡಲು ಬರುವ ಪಾದ್ರಿ ಮೊದಲ ವಿಭಾಗದ ಹಲವು ವಾರ್ಡುಗಳನ್ನು ಹಾದು ಹೋಗಬೇಕಿತ್ತು, ಮುಂದೆ ಒಬ್ಬ ಗಂಟೆ ಬಾರಿಸುತ್ತಿದ್ದ. ಆ ಸದ್ದು ಕೇಳಿದ ಬಾಣಂತಿಯರು ಹೆದರಿಕೆಯಿಂದಲೇ ಕಾಯಿಲೆ ಬೀಳುತ್ತಾರೆ ಎಂಬುದು ವಾದ. ಸೆಮ್ಮೆಲ್‌ವೈಸ್ ನಗಲಿಲ್ಲ. ಬೇರೆ ದಾರಿಯಿಂದ, ಗಂಟೆಯಿಲ್ಲದೆ ಬರುವಂತೆ ಪಾದ್ರಿಯನ್ನು ಒಪ್ಪಿಸಿದರು. ಸಾವು ಇಳಿಯಲಿಲ್ಲ. ಎರಡನೇ ವಿಭಾಗದಲ್ಲಿ ಹೆಂಗಸರನ್ನು ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸುತ್ತಾರೆಂದು ತಿಳಿದು ಮೊದಲ ವಿಭಾಗದಲ್ಲೂ ಹಾಗೇ ಮಾಡಿಸಿದರು. ಆಗಲೂ ಏನೂ ಬದಲಾಗಲಿಲ್ಲ.

ಇಲ್ಲೆಲ್ಲ ತರ್ಕದ ಅಚ್ಚು ಒಂದೇ: ಈ ವಿವರಣೆ ನಿಜವಾಗಿದ್ದರೆ ಇಂಥದ್ದು ಕಾಣಬೇಕು, ಅದು ಕಾಣಲಿಲ್ಲ, ಆದ್ದರಿಂದ ವಿವರಣೆ ನಿಜವಲ್ಲ. ಇದು ಪಕ್ಕಾ ನಿಗಮನ. ಪರೀಕ್ಷೆ ಸರಿಯಾಗಿ ನಡೆದಿದ್ದರೆ ಈ ತೀರ್ಮಾನದಿಂದ ತಪ್ಪಿಸಿಕೊಳ್ಳಲು ಸಂದಿಯಿಲ್ಲ. ತಳ್ಳಿಹಾಕುವ ಕೆಲಸದಲ್ಲಿ ನಿಗಮನಕ್ಕಿರುವ ಬಲ ಬೇರೆ ಯಾವುದಕ್ಕೂ ಇಲ್ಲ.

ಆದರೆ ಸರಿಯಾದ ವಿವರಣೆ ನಿಗಮನದಿಂದ ಬರಲಿಲ್ಲ. ಅದು ಬಂದದ್ದು ಒಂದು ಸಾವಿನಿಂದ. 1847ರ ಮಾರ್ಚ್‌ನಲ್ಲಿ ಅದೇ ಆಸ್ಪತ್ರೆಯ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕತ್ತಿ ಅವರ ಬೆರಳಿಗೆ ತಾಗಿ ಗಾಯವಾಗಿತ್ತು. ಅವರ ಶರೀರದಲ್ಲಿ ಕಂಡ ಲಕ್ಷಣಗಳ ವರದಿ ಓದಿದ ಸೆಮ್ಮೆಲ್‌ವೈಸ್‌ಗೆ ಅವು ಬಾಣಂತಿಯರ ಶರೀರಗಳಲ್ಲಿ ತಾವು ನೋಡುತ್ತಿದ್ದುದೇ ಎನಿಸಿತು. ಲಕ್ಷಣ ಒಂದೇ ಆದರೆ ಕಾರಣವೂ ಒಂದೇ ಇರಬಹುದು. ಕೊಲೆಚ್ಕಾ ಅವರ ದೇಹಕ್ಕೆ ಹೆಣದ ಅಂಶ ಕತ್ತಿಯ ಮೂಲಕ ಸೇರಿತು. ಬಾಣಂತಿಯರ ದೇಹಕ್ಕೆ, ಶವ ಕೊಯ್ದು ನೇರವಾಗಿ ವಾರ್ಡಿಗೆ ಬರುವ ವೈದ್ಯರ ಮತ್ತು ವಿದ್ಯಾರ್ಥಿಗಳ ಕೈಯಿಂದ ಸೇರುತ್ತಿರಬಹುದು. ಸೂಲಗಿತ್ತಿಯರು ಹೆಣ ಕೊಯ್ಯುವುದಿಲ್ಲ. ಇಲ್ಲಿ ‘ಇರಬಹುದು’ ಎಂಬ ಪದವೇ ಮುಖ್ಯ. ಒಂದು ಹೋಲಿಕೆಯಿಂದ ಅವರು ಒಂದು ಸಾಮಾನ್ಯ ವಿವರಣೆಗೆ ಜಿಗಿದಿದ್ದಾರೆ. ಇದು ಅನುಗಮನ.

ಮತ್ತೆ ನಿಗಮನದ ಸರದಿ. ಕೈಗೆ ಅಂಟಿದ ಹೆಣದ ಅಂಶವೇ ಕಾರಣವಾದರೆ, ಕೈಯನ್ನು ಚೆನ್ನಾಗಿ ಶುದ್ಧ ಮಾಡಿಸಿದಾಗ ಸಾವು ಇಳಿಯಬೇಕು. ಸಾಬೂನಿನಿಂದ ತೊಳೆದರೂ ಕೈಯ ಹೆಣದ ವಾಸನೆ ಹೋಗುತ್ತಿರಲಿಲ್ಲ. ಹಾಗಾಗಿ 1847ರ ಮೇ ತಿಂಗಳ ನಡುವಿನಿಂದ ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆದೇ ಬಸುರಿಯರನ್ನು ಪರೀಕ್ಷಿಸಬೇಕೆಂಬ ನಿಯಮ ತಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. 1848ರ ಇಡೀ ವರ್ಷದಲ್ಲಿ ಮೊದಲ ವಿಭಾಗದ ಸಾವು ಶೇಕಡಾ 1.27, ಎರಡನೆಯದರದು 1.33.

ನಮ್ಮ ಪ್ರಬಂಧಗಳಾಗಿದ್ದರೆ ಇಲ್ಲಿ ‘ಪ್ರಾಕ್ಕಲ್ಪನೆ ಸಾಬೀತಾಯಿತು’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆವು. ತರ್ಕದ ಪ್ರಕಾರ ಅದು ತಪ್ಪು. ‘ಇದು ನಿಜವಾದರೆ ಅದು ಆಗಬೇಕು, ಅದು ಆಯಿತು, ಆದ್ದರಿಂದ ಇದು ನಿಜ’ ಎಂಬುದು ನೋಡಲು ನಿಗಮನದಂತೆಯೇ ಇದೆ, ಆದರೆ ನಿಗಮನವಲ್ಲ. ಮಳೆ ಬಂದರೆ ಅಂಗಳ ನೆನೆಯುತ್ತದೆ, ಅಂಗಳ ನೆನೆದಿದೆ ಎಂದ ಮಾತ್ರಕ್ಕೆ ಮಳೆ ಬಂದಿದೆ ಎನ್ನಲಾಗದು. ಯಾರೋ ನೀರು ಹಾಕಿರಬಹುದು. ನಿರೀಕ್ಷಿಸಿದ ಫಲಿತಾಂಶ ಬಂದಾಗ ನಮಗೆ ಸಿಗುವುದು ಪುಷ್ಟಿ ಮಾತ್ರ, ಅದು ಅನುಗಮನದ ಮಟ್ಟದ ಪುಷ್ಟಿ.

ಸೆಮ್ಮೆಲ್‌ವೈಸ್‌ಗೆ ಇದು 1847ರ ಅಕ್ಟೋಬರ್‌ನಲ್ಲೇ ತಿಳಿಯಿತು. ಗರ್ಭಕೋಶದ ಕ್ಯಾನ್ಸರ್ ಕೊಳೆತು ಸ್ರಾವವಾಗುತ್ತಿದ್ದ ಹೆಂಗಸೊಬ್ಬಳು ದಾಖಲಾಗಿದ್ದಳು. ಅವರೂ ಅವರ ಸಂಗಡಿಗರೂ ಮೊದಲು ಅವಳನ್ನು ಪರೀಕ್ಷಿಸಿ, ನಂತರ ಕೈಗೆ ಬರೀ ಸಾಬೂನು ಹಾಕಿ ತೊಳೆದು, ಅದೇ ಸಾಲಿನ ಉಳಿದವರನ್ನು ಪರೀಕ್ಷಿಸಿದರು. ಹೆಣದ ಸಂಪರ್ಕವಿಲ್ಲವಲ್ಲ, ಕ್ಲೋರಿನ್ ಏಕೆ ಎಂಬ ಲೆಕ್ಕ. ಆ ಹನ್ನೆರಡು ಮಂದಿಯಲ್ಲಿ ಹನ್ನೊಂದು ತಾಯಂದಿರು ಸತ್ತರು. ‘ಹೆಣದ ಅಂಶವೇ ಕಾರಣ’ ಎಂಬ ಮಾತು, ಎಲ್ಲ ಪರೀಕ್ಷೆಗಳನ್ನೂ ಗೆದ್ದಿದ್ದರೂ, ಸರಿಯಿರಲಿಲ್ಲ. ಜೀವಂತ ದೇಹದ ಕೊಳೆತ ಅಂಶವೂ ಕಾಯಿಲೆ ತರಬಲ್ಲದು ಎಂದು ಅವರು ವಿವರಣೆಯನ್ನು ಹಿಗ್ಗಿಸಿದರು.

ಮುಂದೆ ಅವರೇ ಇನ್ನೊಂದು ಅತಿಗೆ ಹೋದರು. ಪೂರ್ಣ ವಿವರಗಳಿರುವ ಅವರ ಪುಸ್ತಕ ಬಂದದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ಅದರಲ್ಲಿ ಬಾಣಂತಿ ಜ್ವರದ ಪ್ರತಿಯೊಂದು ಪ್ರಕರಣಕ್ಕೂ, ಒಂದನ್ನೂ ಬಿಡದೆ, ಕೊಳೆತ ಜೈವಿಕ ಅಂಶವೇ ಕಾರಣ ಎಂದು ವಾದಿಸಿದರು. ಹೊರಗಿನಿಂದ ಬಂದದ್ದಲ್ಲವೆಂದು ಕಂಡ ಪ್ರಕರಣಗಳಿಗೆ, ದೇಹದೊಳಗೇ ಅದು ಹುಟ್ಟಿರಬೇಕು ಎಂದರು. ಅಂದರೆ ಯಾವ ಸಾಕ್ಷ್ಯ ಬಂದರೂ ಸಿದ್ಧಾಂತ ತಪ್ಪಾಗದಂತೆ ನೋಡಿಕೊಂಡರು. ಒಪ್ಪದ ವೈದ್ಯರ ಮೇಲೆ ಕಟು ಮಾತುಗಳೂ ಇದ್ದವು. ಕೈ ತೊಳೆಯುವ ವಿಷಯದಲ್ಲಿ ಅವರು ಸರಿ, ವಿರೋಧಿಗಳು ತಪ್ಪು. ಆದರೆ ಪ್ರಬಂಧವಾಗಿ ನೋಡಿದರೆ, ಕಂಡದ್ದಕ್ಕಿಂತ ದೊಡ್ಡ ಮಾತು ಆಡಿ ಅವರು ತಮ್ಮ ವಾದವನ್ನು ತಾವೇ ದುರ್ಬಲಗೊಳಿಸಿಕೊಂಡರು ಎಂದು ನನಗನಿಸುತ್ತದೆ.

ಈ ಕಥೆಯಲ್ಲಿ ನಿಗಮನಕ್ಕೆ ಕೆಲಸ ಸಿಕ್ಕಿದ್ದು ಪರೀಕ್ಷಿಸಲು ಸಿದ್ಧ ವಿವರಣೆಗಳು ಮೊದಲೇ ಇದ್ದುದರಿಂದ. ಅಂಥವು ಇಲ್ಲದಿದ್ದರೆ? ಆಗ ಅನುಗಮನವೇ ದಾರಿ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹತ್ತಿರವೇ ಇದೆ.

ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. ಜಾತಿ ಎಂದರೆ ನಾಲ್ಕು ವರ್ಣಗಳ ಏಣಿ ಎಂಬ ಗ್ರಂಥಗಳ ಚಿತ್ರ ಆಗ ಚಾಲ್ತಿಯಲ್ಲಿತ್ತು. ಹಳ್ಳಿಯಲ್ಲಿ ಕೂತು ನೋಡಿದರೆ ಬೇರೆಯೇ ಕಂಡಿತು. ಜಗಳ ಯಾರ ಜಗಲಿಗೆ ಬರುತ್ತದೆ, ಸಾಲ ಯಾರಿಂದ ಸಿಗುತ್ತದೆ, ದಂಡ ಹಾಕುವವರು ಯಾರು, ಬೇರೆ ಜಾತಿಯವರ ವ್ಯಾಜ್ಯವನ್ನೂ ತೀರ್ಮಾನಿಸುವವರು ಯಾರು ಎಂದು ಗಮನಿಸುತ್ತ ಹೋದಾಗ ಎಲ್ಲ ದಾರಿಗಳೂ ಒಕ್ಕಲಿಗ ಮುಖಂಡರ ಮನೆಗೆ ಬಂದು ಸೇರುತ್ತಿದ್ದವು. ವರ್ಣದ ಏಣಿಯಲ್ಲಿ ಮೇಲಿದ್ದವರು ಅಲ್ಲಿ ಈ ಬಲ ಉಳ್ಳವರಾಗಿರಲಿಲ್ಲ. ಈ ವಿವರಗಳಿಂದ ಅವರು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಕಟ್ಟಿದರು. ಸಂಖ್ಯೆ, ಭೂಮಿ, ರಾಜಕೀಯ ಬಲ, ಆಚರಣೆಯ ಏಣಿಯಲ್ಲಿ ತೀರ ಕೆಳಗಿಲ್ಲದ ಸ್ಥಾನ, ಇವು ಅದರ ಲಕ್ಷಣಗಳು. ರಾಂಪುರದ ಪ್ರಬಲ ಜಾತಿಯ ಮೇಲಿನ ಅವರ ಲೇಖನ 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ಬಂತು.

ಇದನ್ನು ಪ್ರಶ್ನಾವಳಿ ಹಿಡಿದು ಪರೀಕ್ಷಿಸಲು ಹೋಗಿದ್ದರೆ ಸಿಗುತ್ತಿರಲಿಲ್ಲ. ಗೊತ್ತಿಲ್ಲದ ಪರಿಕಲ್ಪನೆಯ ಬಗ್ಗೆ ಪ್ರಶ್ನೆ ಬರೆಯುವುದಾದರೂ ಹೇಗೆ? ಆದರೆ ಅನುಗಮನದ ಮಿತಿಯೂ ಇಲ್ಲೇ ಕಾಣುತ್ತದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವೆ; ಪಾತ್ರೆಯ ಎಲ್ಲ ಅಗುಳುಗಳೂ ಒಂದೇ ನೀರಿನಲ್ಲಿ ಬೆಂದಿವೆ ಎಂಬ ನಂಬಿಕೆಯಿಂದ ಅದು ನಡೆಯುತ್ತದೆ. ಭಾರತದ ಹಳ್ಳಿಗಳು ಹಾಗೆ ಒಂದೇ ಪಾತ್ರೆಯವಲ್ಲ. ಪ್ರಾಬಲ್ಯಕ್ಕೆ ಸಂಖ್ಯೆ ನಿಜಕ್ಕೂ ಬೇಕೇ, ಭೂಮಿಯ ಹಿಡಿತವೊಂದೇ ಸಾಲದೇ ಎಂದು ಲೂಯಿ ದ್ಯೂಮೋನಂಥ ವಿದ್ವಾಂಸರು ತಕರಾರು ಎತ್ತಿದ್ದು ಇದೇ ಕಾರಣಕ್ಕೆ. ಅದರಿಂದ ಶ್ರೀನಿವಾಸರ ಕೆಲಸ ಬಿದ್ದುಹೋಗಲಿಲ್ಲ. ಒಂದು ಹಳ್ಳಿ ಕೊಟ್ಟ ಪರಿಕಲ್ಪನೆಯನ್ನು ಬೇರೆಯವರು ಬೇರೆ ಹಳ್ಳಿಗಳಲ್ಲಿ ಪರೀಕ್ಷೆಗೊಡ್ಡಲು ಸಾಧ್ಯವಾಯಿತು.

ಈಗ ಇಂದಿನ ಒಬ್ಬ ವಿದ್ಯಾರ್ಥಿನಿ ಶಕ್ತಿ ಯೋಜನೆಯ ಮೇಲೆ ಪ್ರಬಂಧ ಬರೆಯಬೇಕೆಂದಿದ್ದಾಳೆ ಎಂದುಕೊಳ್ಳೋಣ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ವಿಷಯ ಒಂದೇ, ಆದರೆ ಎರಡು ಬೇರೆ ಪ್ರಬಂಧಗಳು ಇದರಲ್ಲಿವೆ.

ಹಳ್ಳಿಯ ಹೆಂಗಸರು ದೂರದ ಕೆಲಸಕ್ಕೆ ಹೋಗದಿರಲು ಬಸ್ ಚಾರ್ಜೇ ಅಡ್ಡಿ ಎಂಬ ವಾದ ಮೊದಲೇ ಇದೆ ಎನ್ನಿ. ಅದನ್ನು ಪರೀಕ್ಷಿಸುವುದಾದರೆ ನಿಗಮನವೇ ಸರಿ. ವಾದ ನಿಜವಾದರೆ ಸರ್ಕಾರಿ ಬಸ್ ಓಡುವ ಊರುಗಳಲ್ಲಿ ಹೆಂಗಸರು ಕೆಲಸಕ್ಕೆ ಹೋಗುವ ದೂರ ಹೆಚ್ಚಬೇಕು. ಕರಾವಳಿಯಲ್ಲಿರುವಂತೆ ಖಾಸಗಿ ಬಸ್ಸುಗಳೇ ಓಡುವ ಊರುಗಳಲ್ಲಿ ಅಷ್ಟು ಹೆಚ್ಚಬಾರದು, ಏಕೆಂದರೆ ಅಲ್ಲಿ ಟಿಕೆಟ್ ತೆಗೆಯಲೇಬೇಕು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದರೆ ಕಾರಣ ಬೇರೇನೋ ಇದೆ, ಕೂಲಿ ಏರಿರಬಹುದು, ಹೊಸ ಗಾರ್ಮೆಂಟ್ ಕಾರ್ಖಾನೆ ಬಂದಿರಬಹುದು. ಈ ಬಗೆಯ ಪ್ರಬಂಧದಲ್ಲಿ ಸಿದ್ಧಾಂತ ಮೊದಲ ಅಧ್ಯಾಯಗಳಲ್ಲೇ ಬರಬೇಕು, ಪ್ರಾಕ್ಕಲ್ಪನೆ ಕ್ಷೇತ್ರಕಾರ್ಯಕ್ಕೆ ಮೊದಲು ಬರೆದಿರಬೇಕು, ಯಾವುದನ್ನು ಹೇಗೆ ಅಳೆಯುತ್ತೇನೆ ಎಂಬುದೂ ಮೊದಲೇ ನಿಗದಿಯಾಗಿರಬೇಕು. ಕೊನೆಯಲ್ಲಿ ‘ಸಾಬೀತಾಯಿತು’ ಎನ್ನದೆ ‘ಪ್ರಾಕ್ಕಲ್ಪನೆಗೆ ಪುಷ್ಟಿ ಸಿಕ್ಕಿದೆ’ ಅಥವಾ ‘ಸಿಕ್ಕಿಲ್ಲ’ ಎಂದು ಬರೆದರೆ ಸಾಕು.

ಅದೇ ವಿದ್ಯಾರ್ಥಿನಿಗೆ ಈ ಪ್ರಯಾಣದಿಂದ ಹೆಂಗಸರ ಬದುಕಿನಲ್ಲಿ ಏನು ಬದಲಾಗುತ್ತಿದೆ ಎಂಬುದೇ ಗೊತ್ತಿಲ್ಲದಿದ್ದರೆ ಪ್ರಾಕ್ಕಲ್ಪನೆ ಕಟ್ಟುವುದು ಬರೀ ಶಾಸ್ತ್ರಕ್ಕೆ. ಅವಳು ಬಸ್ ಹತ್ತಬೇಕು, ಕೂತು ಮಾತಾಡಿಸಬೇಕು. ತವರಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ದೇವಸ್ಥಾನ ಸುತ್ತುವವರು, ಮನೆಯವರನ್ನು ದುಡ್ಡು ಕೇಳಬೇಕಿಲ್ಲ ಎಂಬುದೇ ದೊಡ್ಡದಾದವರು ಸಿಗಬಹುದು. ಸಿಕ್ಕಿದ್ದನ್ನು ವಿಂಗಡಿಸುತ್ತ, ವಿಂಗಡಣೆ ಹೇಳಿದ ಕಡೆಗೆ ಮುಂದಿನ ಸಂದರ್ಶನಗಳನ್ನು ಒಯ್ಯಬೇಕು. ಬಸ್ ಇದ್ದೂ ಹತ್ತದ ಹೆಂಗಸರನ್ನು ಹುಡುಕಿಕೊಂಡು ಹೋಗಬೇಕು, ಏಕೆಂದರೆ ತನ್ನ ವಿವರಣೆಯನ್ನು ಕೆಡಿಸುವವರು ಅವರೇ. ಹೊಸ ಸಂದರ್ಶನಗಳಿಂದ ಹೊಸದೇನೂ ಬರುತ್ತಿಲ್ಲ ಎನಿಸಿದಾಗ ನಿಲ್ಲಿಸಬಹುದು. ಗ್ಲೇಸರ್ ಮತ್ತು ಸ್ಟ್ರಾಸ್ 1967ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಕ್ರಮ ಹೆಚ್ಚುಕಡಿಮೆ ಇದೇ. ಇಂಥ ಪ್ರಬಂಧದಲ್ಲಿ ಪ್ರಾಕ್ಕಲ್ಪನೆಯ ಬದಲು ಪ್ರಶ್ನೆ ಇರುತ್ತದೆ, ಸಿದ್ಧಾಂತದ ಚರ್ಚೆ ಕೊನೆಗೆ ಬರುತ್ತದೆ. ಎಂತೆಂಥ ಬದಲಾವಣೆಗಳಿವೆ ಎಂದು ಅದು ಹೇಳಬಲ್ಲದು, ನೂರಕ್ಕೆ ಎಷ್ಟು ಮಂದಿಗೆ ಎಂದು ಹೇಳಲಾರದು. ನಲವತ್ತು ಸಂದರ್ಶನ ಮಾಡಿ ‘ಶೇಕಡಾ 62.5ರಷ್ಟು ಮಹಿಳೆಯರು’ ಎಂದು ಬರೆಯುವವರು ಈ ಗೆರೆ ದಾಟಿರುತ್ತಾರೆ.

ಗಣಿತದಲ್ಲಿ ಮಾತ್ರ ಆಯ್ಕೆಯೇ ಇಲ್ಲ. n² + n + 41 ಎಂಬುದರಲ್ಲಿ n ಜಾಗಕ್ಕೆ 0ಯಿಂದ 39ರವರೆಗೆ ಯಾವ ಸಂಖ್ಯೆ ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ನಲವತ್ತು ಉದಾಹರಣೆ ನೋಡಿ ನಂಬಿದವರಿಗೆ 40 ಹಾಕಿದಾಗ 1681 ಸಿಗುತ್ತದೆ, ಅದು 41 × 41. ಗಣಿತದ ಪ್ರಬಂಧದಲ್ಲಿ ಉದಾಹರಣೆಗಳು ಊಹೆಗೆ ದಾರಿ ತೋರಿಸಬಹುದು, ಸಾಧನೆಯ ಜಾಗದಲ್ಲಿ ಕೂರುವಂತಿಲ್ಲ.

ನಮ್ಮಲ್ಲಿ ಹೆಚ್ಚು ಕೆಡುವುದು ಇವೆರಡನ್ನು ಕದ್ದು ಬೆರೆಸಿದಾಗ. ವಿದ್ಯಾರ್ಥಿ ಊರೂರು ತಿರುಗಿ ಮಾಹಿತಿ ತರುತ್ತಾನೆ, ಅದರಲ್ಲಿ ಏನು ಕಾಣುತ್ತದೋ ನೋಡಿಕೊಳ್ಳುತ್ತಾನೆ, ಆಮೇಲೆ ಮೊದಲ ಅಧ್ಯಾಯಕ್ಕೆ ಹಿಂದಿರುಗಿ ಅದನ್ನೇ ಪ್ರಾಕ್ಕಲ್ಪನೆ ಎಂದು ಬರೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅದು ‘ಸಾಬೀತಾಗುತ್ತದೆ’. ಆಗದೆ ಇರುವುದಾದರೂ ಹೇಗೆ? ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಕೆರ್ 1998ರಲ್ಲಿ ಈ ಚಾಳಿಗೆ ಒಂದು ಹೆಸರನ್ನೇ ಕೊಟ್ಟರು, ಅಂದರೆ ಇದು ನಮ್ಮವರದಷ್ಟೇ ರೋಗವಲ್ಲ. ಊಹೆ ಹುಟ್ಟಿದ್ದು ಯಾವ ಮಾಹಿತಿಯಿಂದಲೋ ಅದೇ ಮಾಹಿತಿ ಆ ಊಹೆಗೆ ಪರೀಕ್ಷೆಯಾಗಲಾರದು. ಆಕಸ್ಮಿಕವಾಗಿ ಕಂಡದ್ದೂ ಇಲ್ಲಿ ನಿಯಮದ ವೇಷದಲ್ಲಿ ಬರುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಪ್ರಬಂಧದ ಎಲ್ಲ ಪ್ರಾಕ್ಕಲ್ಪನೆಗಳೂ ಗೆದ್ದಿದ್ದರೆ ಅನುಮಾನಪಡಿ. ಪ್ರಾಕ್ಕಲ್ಪನೆಯಲ್ಲಿ ‘ಮೂವತ್ತೈದು ದಾಟಿದ, ಅವಿಭಕ್ತ ಕುಟುಂಬದ ಮಹಿಳೆಯರಲ್ಲಿ’ ಎಂಬಂಥ ವಿವರವಿದ್ದು, ಆ ವಯಸ್ಸೇ ಏಕೆ, ಆ ಕುಟುಂಬವೇ ಏಕೆ ಎಂಬುದಕ್ಕೆ ಸಿದ್ಧಾಂತದ ಅಧ್ಯಾಯದಲ್ಲಿ ಆಧಾರವಿಲ್ಲದಿದ್ದರೆ, ಆ ವಿವರ ಫಲಿತಾಂಶದಿಂದ ಹಿಂದಕ್ಕೆ ನಡೆದು ಬಂದದ್ದು. ವಿಶ್ವವಿದ್ಯಾಲಯಕ್ಕೆ ಕೊಟ್ಟ ಸಿನಾಪ್ಸಿಸ್ ಜೊತೆ ಇಟ್ಟು ನೋಡಿದರೆ ಉಳಿದದ್ದು ತಿಳಿಯುತ್ತದೆ. ಮಾಹಿತಿಯಿಂದಲೇ ಹೊಸ ಊಹೆ ಹುಟ್ಟಿದ್ದರೆ ಹಾಗೆಂದೇ ಬರೆಯಿರಿ, ಅದು ಅವಮಾನವಲ್ಲ. ಸಾಧ್ಯವಿದ್ದರೆ ಬೇರೆ ತಾಲ್ಲೂಕಿನ ಬೇರೆ ಜನರಲ್ಲಿ ಅದನ್ನು ಪರೀಕ್ಷಿಸಿ, ಇಲ್ಲವಾದರೆ ಪರೀಕ್ಷೆಯನ್ನು ಮುಂದಿನವರಿಗೆ ಬಿಡಿ.

ಈ ದೋಷದಲ್ಲಿ ವಿದ್ಯಾರ್ಥಿಯ ಪಾಲಿಗಿಂತ ನಮೂನೆಯ ಪಾಲು ದೊಡ್ಡದು. ಸಿನಾಪ್ಸಿಸ್ ಎಂದರೆ ಉದ್ದೇಶಗಳು, ಪ್ರಾಕ್ಕಲ್ಪನೆಗಳು ಎಂಬ ತಲೆಬರಹಗಳು ಇರಲೇಬೇಕೆಂಬ ರೂಢಿ ಹಲವು ವಿಭಾಗಗಳಲ್ಲಿದೆ. ಜನಪದ ಕಥೆ ಸಂಗ್ರಹಿಸಲು ಹೊರಟವರೂ, ಒಂದು ಕಾದಂಬರಿಯ ಭಾಷೆ ಅಭ್ಯಸಿಸುವವರೂ ಆ ಜಾಗ ತುಂಬಿಸಲೆಂದು ಏನೋ ಬರೆಯುತ್ತಾರೆ. ಗೈಡ್‌ಗಳು ಮನಸ್ಸು ಮಾಡಿದರೆ ಇದು ನಾಳೆಯೇ ನಿಲ್ಲಬಹುದು.

ಪ್ರಬಂಧಕ್ಕೆ ನೋಂದಾಯಿಸಿಕೊಂಡಿರುವವರಿಗೆ ಒಂದು ಮಾತು. ಸಿನಾಪ್ಸಿಸ್ ಸಲ್ಲಿಸುವ ಮುನ್ನ ಪ್ರತಿ ಪ್ರಾಕ್ಕಲ್ಪನೆಯ ಕೆಳಗೆ, ಯಾವ ಫಲಿತಾಂಶ ಬಂದರೆ ಇದನ್ನು ಕೈಬಿಡುತ್ತೇನೆ ಎಂದು ಒಂದು ಸಾಲು ಬರೆದು ದಿನಾಂಕ ಹಾಕಿ ನಿಮ್ಮ ಗೈಡ್‌ಗೆ ತೋರಿಸಿ. ಆ ಸಾಲು ಬರೆಯಲು ಆಗದಿದ್ದರೆ ಪ್ರಾಕ್ಕಲ್ಪನೆಯನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ನಿಮ್ಮ ಪ್ರಶ್ನೆಯನ್ನು ಬರೆಯಿರಿ.